ಕಳಿಸಿದ ಹಾಲು, ಮುಟ್ಟಿದ ಹಾಲು

ಹಳ್ಳಿಯ ಡೇರಿಯಲ್ಲಿ ಒಂದೇ ಹಾಲನ್ನು ಎರಡು ಸಲ ಅಳೆಯುತ್ತಾರೆ. ಮೊದಲ ಅಳತೆ ರೈತರು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗ ಆಗುತ್ತದೆ. ಒಬ್ಬೊಬ್ಬರ ಹಾಲನ್ನೂ ತೂಗಿ, ಅದರಲ್ಲಿ ಚೂರು ತೆಗೆದು ಪರೀಕ್ಷಾ ಯಂತ್ರಕ್ಕಿಟ್ಟು, ಜಿಡ್ಡೆಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಚೀಟಿ ಕೊಡುತ್ತಾರೆ. ಎಲ್ಲರ ಹಾಲೂ ಒಂದೇ ತೊಟ್ಟಿಯಲ್ಲಿ ಬೆರೆತು ಟ್ಯಾಂಕರ್ ಏರಿದ ಮೇಲೆ ಒಕ್ಕೂಟದವರು ಎರಡನೇ ಸಲ ಅಳೆದು ಟ್ರಕ್ ಶೀಟಿನಲ್ಲಿ ಬರೆಯುತ್ತಾರೆ. ಸಂಘ ರೈತರಿಗೆ ಬಟವಾಡೆ ಮಾಡುವುದು ಮೊದಲ ಲೆಕ್ಕದ ಮೇಲೆ. ಒಕ್ಕೂಟ ಸಂಘಕ್ಕೆ ದುಡ್ಡು ಕೊಡುವುದು ಎರಡನೇ ಲೆಕ್ಕದ ಮೇಲೆ. ಇವೆರಡರ ನಡುವಿನ ವ್ಯತ್ಯಾಸ ಸಂಘದ ಲಾಭಕ್ಕೆ ಸೇರುತ್ತದೆ ಅಥವಾ ಅದರಿಂದ ಕಳೆಯುತ್ತದೆ. ವರ್ಷದ ಕೊನೆಯಲ್ಲಿ ರೈತರ ಕೈಗೆ ಬರುವ ಬೋನಸ್ಸಿನ ಗಾತ್ರವನ್ನೂ ಅದು ಸದ್ದಿಲ್ಲದೆ ನಿರ್ಧರಿಸುತ್ತದೆ.

ಈ ವ್ಯತ್ಯಾಸವನ್ನು ದಿನದಿನವೂ ತೋರಿಸುವ ಒಂದು ಸಣ್ಣ ಪರದೆ ಬೇಕು ಎಂದು ಈಚೆಗೆ ಕೆಲವು ಸಂಘಗಳ ಕಾರ್ಯದರ್ಶಿಗಳು ಯೋಚಿಸುತ್ತಿದ್ದಾರೆ. ಕಂಪ್ಯೂಟರ್ ಬಲ್ಲವರು ಇದಕ್ಕೆ ಡ್ಯಾಶ್‌ಬೋರ್ಡ್ ಎನ್ನುತ್ತಾರೆ. ಪುಸ್ತಕ ತೆರೆದು ಕೂಡಿ ಕಳೆಯುವ ಕೆಲಸವನ್ನು ಯಂತ್ರ ತಾನೇ ಮಾಡಿ, ಫಲಿತಾಂಶವನ್ನಷ್ಟೇ ಗೋಡೆಯ ಮೇಲೋ ಮೊಬೈಲಿನಲ್ಲೋ ತೋರಿಸುತ್ತದೆ. ಮಾಡುವುದು ಕಷ್ಟವೇನಲ್ಲ. ಆಡಳಿತ ಮಂಡಳಿಯಿಂದ ಅದಕ್ಕೆ ಹಣ ಕೇಳುವ ಪ್ರಸ್ತಾವನೆಯನ್ನು ಸರಿಯಾಗಿ ಬರೆಯುವುದು ಕಷ್ಟ. ಕೊಟೇಷನ್ ಲಗತ್ತಿಸಿ, ‘ಪಾರದರ್ಶಕತೆ ಹೆಚ್ಚುತ್ತದೆ’ ಎಂದು ಒಂದು ಸಾಲು ಬರೆದು ಸಭೆಯ ಮುಂದಿಟ್ಟರೆ, ನಿರ್ದೇಶಕರು ಒಪ್ಪಿದರೂ ತಪ್ಪು, ತಳ್ಳಿಹಾಕಿದರೂ ತಪ್ಪು. ಯಾವುದಕ್ಕೆ ಒಪ್ಪಿದೆವು, ಯಾವುದನ್ನು ತಳ್ಳಿದೆವು ಎಂಬುದು ಅವರಿಗೇ ತಿಳಿದಿರುವುದಿಲ್ಲ. ಅಂಥ ಪ್ರಸ್ತಾವನೆಯೊಳಗೆ ಏನಿರಬೇಕು ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ. ಸಂಘ ಕಲ್ಪಿತ, ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ಪ್ರತಿ ಸಂಘವೂ ತನ್ನ ಪುಸ್ತಕದ ಅಂಕಿಗಳನ್ನೇ ಅಲ್ಲಿ ತುಂಬಿಕೊಳ್ಳಬೇಕು.

ನಮ್ಮ ಸಂಘಕ್ಕೆ ಹಾಲು ಹಾಕುವವರು 140 ಮಂದಿ. ಎರಡೂ ಹೊತ್ತು ಸೇರಿ ದಿನಕ್ಕೆ ಸುಮಾರು 900 ಕೆಜಿ ಹಾಲು. ಸ್ವಯಂಚಾಲಿತ ಹಾಲು ಸಂಗ್ರಹಣಾ ಘಟಕ, ಅಂದರೆ ತಕ್ಕಡಿ, ಪರೀಕ್ಷಾ ಯಂತ್ರ, ಕಂಪ್ಯೂಟರ್, ಚೀಟಿ ಮುದ್ರಿಸುವ ಪ್ರಿಂಟರ್ ಎಲ್ಲ ಒಂದಕ್ಕೊಂದು ಜೋಡಿಸಿಕೊಂಡಿರುವ ವ್ಯವಸ್ಥೆ, ಆಗಲೇ ಇದೆ. ಹಾಲು ತಂಪಾಗಿಡುವ ಬಿಎಂಸಿ ತೊಟ್ಟಿಯೂ ಇದೆ. ಟ್ಯಾಂಕರ್ ದಿನಕ್ಕೊಂದು ಸಲ, ಬೆಳಗಿನ ಹಾಲು ಮುಗಿದ ಮೇಲೆ ಬರುತ್ತದೆ. ಒಕ್ಕೂಟದ ಬಿಲ್ ಹದಿನೈದು ದಿನಕ್ಕೊಮ್ಮೆ ಬರುತ್ತದೆ ಎಂದಿಟ್ಟುಕೊಳ್ಳೋಣ.

ತೊಂದರೆ ಇರುವುದು ಆ ಹದಿನೈದು ದಿನಗಳಲ್ಲಿ. ಟ್ರಕ್ ಶೀಟಿನ ಪ್ರತಿ ದಿನವೂ ಕೈಗೆ ಬರುತ್ತದೆ, ಆದರೆ ಅದನ್ನು ಸಂಘದ ಲೆಕ್ಕದ ಪಕ್ಕದಲ್ಲಿಟ್ಟು ನೋಡುವವರಿಲ್ಲ. ಬೆಳಿಗ್ಗೆ ಹಾಲು ಅಳೆದು, ಟ್ಯಾಂಕರ್ ಕಳಿಸಿ, ತೊಟ್ಟಿ ತೊಳೆದು, ಪಶು ಆಹಾರದ ಮೂಟೆ ಎಣಿಸುವಷ್ಟರಲ್ಲಿ ಕಾರ್ಯದರ್ಶಿಯ ಹೊತ್ತು ಮುಗಿದಿರುತ್ತದೆ. ಬಿಲ್ ಬಂದಾಗ ಮೊತ್ತ ಕಡಿಮೆಯಾಗಿದೆ ಎಂದು ಗೊತ್ತಾಗುತ್ತದೆ. ಯಾವ ದಿನದಿಂದ ಕಡಿಮೆಯಾಯಿತು, ತೂಕದಲ್ಲೋ ಜಿಡ್ಡಿನಲ್ಲೋ ಎಂದು ಹುಡುಕುವ ಹೊತ್ತಿಗೆ ಆ ಹಾಲು ಪ್ಯಾಕೆಟ್ಟಾಗಿ ಊರೂರು ಸೇರಿರುತ್ತದೆ. ಮತ್ತೆ ಪರೀಕ್ಷೆ ಮಾಡಿಸಲು ಏನೂ ಉಳಿದಿರುವುದಿಲ್ಲ.

ಹಾಗಾದರೆ ದಿನವೂ ಹೋಲಿಸಿದರಾಯಿತಲ್ಲ ಎನ್ನಿಸುತ್ತದೆ. ಆದರೆ ಹೋಲಿಕೆಯಲ್ಲೇ ಮೂರು ಕಡೆ ಕಾಲು ಜಾರುತ್ತದೆ. ಡ್ಯಾಶ್‌ಬೋರ್ಡ್ ಮಾಡಿಕೊಡುವ ಹುಡುಗರು ಸಾಮಾನ್ಯವಾಗಿ ಡೇರಿಯ ಕೆಲಸ ಕಂಡವರಲ್ಲ. ಆದ್ದರಿಂದ ಪ್ರಸ್ತಾವನೆಯಲ್ಲಿ ಲೆಕ್ಕದ ವಿಧಾನವನ್ನು ಸಂಘವೇ ಬರೆದು ಕೊಡಬೇಕು.

ಮೊದಲನೆಯದು ದಿನದ ಗಡಿ. ಮಂಗಳವಾರ ಬೆಳಿಗ್ಗೆ ಹೊರಡುವ ಟ್ಯಾಂಕರಿನಲ್ಲಿರುವುದು ಸೋಮವಾರ ಸಂಜೆಯ ಹಾಲು ಮತ್ತು ಮಂಗಳವಾರ ಬೆಳಗಿನ ಹಾಲು. ಸೋಮವಾರ ಸಂಜೆ 390 ಕೆಜಿ, ಮಂಗಳವಾರ ಬೆಳಿಗ್ಗೆ 510 ಕೆಜಿ ಬಂದಿದ್ದರೆ ಒಟ್ಟು 900. ಮಂಗಳವಾರ ಸಂಜೆ ಊರಲ್ಲಿ ಹಬ್ಬವಿದ್ದು 352 ಕೆಜಿ ಮಾತ್ರ ಬಂತೆನ್ನಿ. ಕಂಪ್ಯೂಟರಿಗೆ ತಾರೀಖಿನ ಪ್ರಕಾರ ಕೂಡು ಎಂದು ಹೇಳಿದರೆ ಅದು 510ಕ್ಕೆ 352 ಸೇರಿಸಿ 862 ಎನ್ನುತ್ತದೆ. ಟ್ರಕ್ ಶೀಟಿನಲ್ಲಿ 900ರ ಹತ್ತಿರದ ಅಂಕಿ ಇರುತ್ತದೆ. ಮೂವತ್ತೆಂಟು ಕೆಜಿ ಹಾಲು ಎಲ್ಲಿಂದಲೋ ಬಂದಂತೆ ಪರದೆ ತೋರಿಸುತ್ತದೆ. ‘ನಿನ್ನೆಯ ಸಂಜೆ, ಇಂದಿನ ಬೆಳಿಗ್ಗೆ’ ಎಂಬ ಒಂದು ಸಾಲು ಪ್ರಸ್ತಾವನೆಯಲ್ಲಿದ್ದರೆ ಈ ಗೊಂದಲ ಹುಟ್ಟುವುದೇ ಇಲ್ಲ.

ಇದರ ಜೊತೆಗೇ ಕಳೆಯಬೇಕಾದ್ದನ್ನು ಕಳೆಯಬೇಕು. ಊರವರಿಗೆ ಡೇರಿಯಲ್ಲೇ ಮಾರಿದ ಹಾಲು 22 ಕೆಜಿ, ಪರೀಕ್ಷೆಗೆ ತೆಗೆದದ್ದು ಒಂದು ಕೆಜಿ. ಉಳಿದ 877 ಕೆಜಿ ಟ್ಯಾಂಕರಿಗೆ ಹೋಗಿರಬೇಕು. ಟ್ರಕ್ ಶೀಟಿನಲ್ಲಿ 871 ಇದ್ದರೆ ವ್ಯತ್ಯಾಸ 6 ಕೆಜಿ. ಇನ್ನು ಲೀಟರು–ಕೆಜಿ. ಒಂದು ಲೀಟರು ಹಾಲು ಸುಮಾರು 1.03 ಕೆಜಿ ತೂಗುತ್ತದೆ. ಸಂಘದ ಸ್ಥಳೀಯ ಮಾರಾಟ ಲೀಟರಿನಲ್ಲಿ, ತಕ್ಕಡಿ ಕೆಜಿಯಲ್ಲಿ ಇದ್ದರೆ ಎರಡನ್ನೂ ಒಂದೇ ಮಾನಕ್ಕೆ ತರಬೇಕು. ಇಡೀ ದಿನದ 900 ಲೀಟರನ್ನು 900 ಕೆಜಿ ಎಂದು ತಿಳಿದರೆ 27 ಕೆಜಿ ಇಲ್ಲದ ಕಡೆ ವ್ಯತ್ಯಾಸ ಕಾಣುತ್ತದೆ.

ಮೂರನೆಯದು ಜಿಡ್ಡಿನ ಸರಾಸರಿ. ಅನಗತ್ಯ ಜಗಳ ಹುಟ್ಟುವುದು ಇಲ್ಲಿ. ಮೂವರು ರೈತರನ್ನಷ್ಟೇ ತೆಗೆದುಕೊಳ್ಳೋಣ. ಒಬ್ಬರು 10 ಕೆಜಿ ಹಸುವಿನ ಹಾಲು ಹಾಕಿದರು, ಜಿಡ್ಡು 3.6. ಇನ್ನೊಬ್ಬರದು 8 ಕೆಜಿ, ಜಿಡ್ಡು 3.8. ಮೂರನೆಯವರು ಒಂದು ಎಮ್ಮೆ ಸಾಕಿದ ಅಜ್ಜಿ, 2 ಕೆಜಿ ಹಾಲು, ಜಿಡ್ಡು 6.5. ಮೂರು ಜಿಡ್ಡಿನ ಅಂಕಿಗಳನ್ನು ಕೂಡಿ ಮೂರರಿಂದ ಭಾಗಿಸಿದರೆ 4.63 ಬರುತ್ತದೆ. ಅದೇ ಹಾಲನ್ನು ಒಂದೇ ತೊಟ್ಟಿಗೆ ಸುರಿದು ಪರೀಕ್ಷಿಸಿದರೆ 3.97 ಬರುತ್ತದೆ. ಅಜ್ಜಿಯ ಎರಡು ಕೆಜಿ ಹಾಲಿಗೆ ಮೊದಲಿನವರ ಹತ್ತು ಕೆಜಿಯಷ್ಟೇ ಮಾತು ಸಿಗಬಾರದು. ಪ್ರತಿಯೊಬ್ಬರ ಕೆಜಿಯನ್ನು ಅವರ ಜಿಡ್ಡಿನಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ಕೆಜಿಯಿಂದ ಭಾಗಿಸಬೇಕು. ಸಾದಾ ಸರಾಸರಿ ತೆಗೆದ ಪರದೆ ಪ್ರತಿ ದಿನವೂ ‘ಒಕ್ಕೂಟ ಜಿಡ್ಡು ಕಡಿಮೆ ಹಾಕುತ್ತಿದೆ’ ಎಂದು ಕೂಗುತ್ತದೆ. ಟ್ಯಾಂಕರಿನ ಡ್ರೈವರ್ ಮೇಲೋ, ಸಂಘದ ಹಾಲು ಪರೀಕ್ಷಕರ ಮೇಲೋ ಅನುಮಾನ ಹುಟ್ಟುತ್ತದೆ. ತಪ್ಪು ಮಾಡಿದ್ದು ಭಾಗಾಕಾರ, ಮಾತು ಕೇಳುವವರು ಮನುಷ್ಯರು. ಮಂಡಳಿ ಹಣ ಮಂಜೂರು ಮಾಡುವ ಮೊದಲು ಈ ಮೂವರ ಲೆಕ್ಕವನ್ನು ಪ್ರೋಗ್ರಾಂ ಬರೆಯುವವರ ಕೈಗೆ ಕೊಟ್ಟು, 3.97 ಬಂತೇ ಎಂದು ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಲೆಕ್ಕ ಸರಿಯಾದ ಮೇಲೂ ವ್ಯತ್ಯಾಸ ಉಳಿಯುತ್ತದೆ. ಪಾತ್ರೆಗೆ ಅಂಟಿದ್ದು, ಚೆಲ್ಲಿದ್ದು, ತಕ್ಕಡಿಯ ದಶಮಾಂಶ ಎಲ್ಲ ಸೇರಿ ದಿನಕ್ಕೆ ಕೆಲವು ಕೆಜಿ ಹೋಗುವುದು ಸಹಜ. ಎಷ್ಟು ಸಹಜ ಎಂಬುದನ್ನು ಹೊರಗಿನವರು ಹೇಳಲಾರರು. ಸಂಘದ ಹಿಂದಿನ ಒಂದು ತಿಂಗಳ ಟ್ರಕ್ ಶೀಟ್ ತೆಗೆದು ಕೈಯಲ್ಲೇ ಲೆಕ್ಕ ಹಾಕಿದರೆ, ನಮ್ಮ ಉದಾಹರಣೆಯಲ್ಲಿ, ವ್ಯತ್ಯಾಸ 2ರಿಂದ 7 ಕೆಜಿಯೊಳಗೆ ಓಡಾಡುತ್ತದೆ ಎಂದು ಗೊತ್ತಾಯಿತೆನ್ನಿ. ಆಗ 9 ಕೆಜಿ ದಾಟಿದ ದಿನ ಮಾತ್ರ ಪರದೆ ಕೆಂಪಾಗಲಿ. ಜಿಡ್ಡಿನ ವಿಷಯದಲ್ಲಿ ಇನ್ನೂ ತಾಳ್ಮೆ ಬೇಕು. ಡೇರಿಗಳಲ್ಲಿರುವ ಪರೀಕ್ಷಾ ಯಂತ್ರಗಳ ನಿಖರತೆಯೇ ಸುಮಾರು 0.1ರ ಆಚೀಚೆ. 140 ಮಂದಿಯ ಪರೀಕ್ಷೆಯಲ್ಲಿ ಹೆಚ್ಚು ಬಂದದ್ದೂ ಕಡಿಮೆ ಬಂದದ್ದೂ ಒಂದನ್ನೊಂದು ಬಹಳ ಮಟ್ಟಿಗೆ ಸರಿದೂಗಿಸುತ್ತವೆ, ಆದರೆ ಒಕ್ಕೂಟದ ಪರೀಕ್ಷೆ ಒಂದೇ ಮಾದರಿಯ ಮೇಲೆ ನಿಂತಿದೆ. ಒಂದು ದಿನದ ವ್ಯತ್ಯಾಸದಿಂದ ಏನನ್ನೂ ಹೇಳಲಾಗದು. ಸತತ ಮೂರು ದಿನ ಒಂದೇ ಕಡೆಗೆ 0.1ರಷ್ಟು ವಾಲಿದರೆ ಅದು ಯಂತ್ರದ ವಾಲು ಅಥವಾ ಮಾದರಿ ತೆಗೆಯುವ ಕ್ರಮದ ವಾಲು ಎಂದು ಸಂಶಯಪಡಬಹುದು.

ಸಂಶಯ ಬಂದ ಮೇಲೆ ಏನು ಮಾಡಬೇಕೆಂಬುದೂ ಪ್ರಸ್ತಾವನೆಯಲ್ಲಿರಬೇಕು. ಜಿಡ್ಡು ಸರಿಯಿದ್ದು ತೂಕ ಮಾತ್ರ ಕಡಿಮೆಯಾದರೆ ತಕ್ಕಡಿ, ಚೆಲ್ಲಾಟ, ಬರೆಯದೆ ಬಿಟ್ಟ ಸ್ಥಳೀಯ ಮಾರಾಟ, ಇವನ್ನು ನೋಡಬೇಕು. ತೂಕ ಸರಿಯಿದ್ದು ಜಿಡ್ಡು ವಾಲಿದರೆ ಪರೀಕ್ಷಾ ಯಂತ್ರವನ್ನು ಸರಿಯಾಗಿ ತೊಳೆದಿದ್ದಾರೆಯೇ, ಮಾದರಿಯಲ್ಲಿ ಗಾಳಿಗುಳ್ಳೆ ಇತ್ತೇ, ತೊಟ್ಟಿಯ ಹಾಲನ್ನು ಕಲಕಿ ಮಾದರಿ ತೆಗೆದರೇ ಎಂದು ಕೇಳಬೇಕು. ನಿಂತ ಹಾಲಿನಲ್ಲಿ ಕೆನೆ ಮೇಲೇರುವುದರಿಂದ ಕಲಕದೆ ತೆಗೆದ ಮಾದರಿ ಸುಳ್ಳು ಹೇಳುತ್ತದೆ. ಕೊನೆಗೆ ಯಂತ್ರದ ಮಾತನ್ನು ತೂಗಿ ನೋಡಲು ಹಳೆಯ ಗರ್ಬರ್ ಪರೀಕ್ಷೆ ಇದೆ. ಗಾಜಿನ ಬ್ಯುಟಿರೋಮೀಟರಿಗೆ 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ ಯಂತ್ರದಲ್ಲಿ ತಿರುಗಿಸಿದರೆ ಜಿಡ್ಡು ಬೇರೆಯಾಗಿ ಕೊಳವೆಯ ಗೆರೆಯ ಮೇಲೆ ನಿಲ್ಲುತ್ತದೆ. ಪರದೆ ಮಾಡುವುದು ‘ಇಂದು ಗರ್ಬರ್ ಮಾಡಿ ನೋಡಿ’ ಎಂದು ಎಚ್ಚರಿಸುವಷ್ಟು ಮಾತ್ರ. ಯಾರದು ಸರಿ ಎಂದು ಅದು ತೀರ್ಮಾನಿಸಲಾರದು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ವ್ಯತ್ಯಾಸ ಸಂಘಕ್ಕೆ ಲಾಭದ ಕಡೆ ಬಂದರೂ ಪರದೆ ಕೆಂಪಾಗಬೇಕು. ಸಂಘದ ಯಂತ್ರ ಜಿಡ್ಡನ್ನು ಕಡಿಮೆ ತೋರಿಸಿ ಒಕ್ಕೂಟದ ಯಂತ್ರ ಹೆಚ್ಚು ತೋರಿಸಿದರೆ ಸಂಘದ ಲಾಭ ಏರುತ್ತದೆ, ಆದರೆ ಅದು ದಿನಾ ಬೆಳಿಗ್ಗೆ ಸಾಲಿನಲ್ಲಿ ನಿಲ್ಲುವ ರೈತರ ಚೀಟಿಯಿಂದ ಹೋದ ದುಡ್ಡು. ಬೋನಸ್ಸಾಗಿ ಮರಳಿ ಬರುತ್ತದೆಂದು ಸಮಾಧಾನ ಹೇಳುವುದು ಸರಿಯಲ್ಲ. ಯಾರಿಂದ ಹೋಯಿತೋ ಅವರಿಗೇ ಅಷ್ಟೇ ಮರಳುವುದಿಲ್ಲ. ನಷ್ಟವಾದಾಗ ಮಾತ್ರ ಕೂಗುವ ಪರದೆಗೆ ಸಂಘದ ಹಣ ಹಾಕುವುದನ್ನು ನಾನು ಒಪ್ಪಲಾರೆ.

ಈಗ ದುಡ್ಡಿನ ಮಾತು. ಪ್ರಸ್ತಾವನೆಗಳಲ್ಲಿ ಕೊಳ್ಳುವ ಬೆಲೆ ಮೊದಲ ಪುಟದಲ್ಲಿರುತ್ತದೆ, ನಡೆಸುವ ಖರ್ಚು ಇರುವುದೇ ಇಲ್ಲ. ನಮ್ಮ ಉದಾಹರಣೆಯಲ್ಲಿ ಒಮ್ಮೆ ಆಗುವ ಖರ್ಚು ಹೀಗಿದೆ ಎನ್ನೋಣ. ಸಣ್ಣ ಕಂಪ್ಯೂಟರಿಗೆ 14,000 ರೂಪಾಯಿ, ಗೋಡೆಯ ಟಿವಿಗೆ 12,000, ಬಿಎಂಸಿ ತೊಟ್ಟಿಯ ಉಷ್ಣತೆ ಓದುವ ಸೆನ್ಸರಿಗೆ 4,000, ಕರೆಂಟು ಹೋದಾಗ ಆಸರೆಯಾಗುವ ಸಣ್ಣ ಯುಪಿಎಸ್‌ಗೆ 3,000, ಪ್ರೋಗ್ರಾಂ ಬರೆದು ಜೋಡಿಸಲು 25,000, ಸಿಬ್ಬಂದಿಗೆ ಕಲಿಸಲು 2,000. ಒಟ್ಟು 60,000 ರೂಪಾಯಿ. ಇದು ಮಂಡಳಿಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಮೂರು ಕೊಟೇಷನ್ ತರಿಸಿ, ತುಲನಾತ್ಮಕ ಪಟ್ಟಿ ಮಾಡಿ, ಕಡಿಮೆಯದಕ್ಕೆ ಒಪ್ಪಿ ನಡಾವಳಿ ಬರೆಯುವುದು ಅವರಿಗೆ ರೂಢಿ.

ವರ್ಷದ ಖರ್ಚಿಗೆ ಬರೋಣ. ಇಂಟರ್‌ನೆಟ್ಟಿಗೆ ತಿಂಗಳಿಗೆ 300ರಂತೆ 3,600. ಕರೆಂಟಿನ ಲೆಕ್ಕ ಹೀಗೆ: 15 ವಾಟಿನ ಕಂಪ್ಯೂಟರ್ ಹಗಲೂ ರಾತ್ರಿ ಓಡಿದರೆ ವರ್ಷಕ್ಕೆ 131 ಯೂನಿಟ್, 45 ವಾಟಿನ ಟಿವಿ ದಿನಕ್ಕೆ ಆರು ಗಂಟೆ ಓಡಿದರೆ 99 ಯೂನಿಟ್. ಒಟ್ಟು 230 ಯೂನಿಟ್, ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ 1,840. ಇಲ್ಲಿಗೆ 5,440 ರೂಪಾಯಿ. ಎಲ್ಲರಿಗೂ ನೆನಪಾಗುವ ಖರ್ಚು ಇಷ್ಟೇ, ಬಹಳ ಪ್ರಸ್ತಾವನೆಗಳು ಇಲ್ಲಿಗೇ ನಿಲ್ಲುತ್ತವೆ.

ಆದರೆ ಟ್ರಕ್ ಶೀಟ್ ಕಾಗದದ ಮೇಲೆ ಬರುತ್ತದೆ. ಅದರ ತೂಕ, ಜಿಡ್ಡು, ಎಸ್‌ಎನ್‌ಎಫ್ ಈ ಮೂರನ್ನು ಮತ್ತು ಸ್ಥಳೀಯ ಮಾರಾಟವನ್ನು ದಿನಾ ಯಾರಾದರೂ ಟೈಪ್ ಮಾಡಲೇಬೇಕು. ಸ್ವಯಂಚಾಲಿತ ಎಂದು ಕರೆದರೂ ಅರ್ಧ ಕೆಲಸ ಮನುಷ್ಯನದೇ. ಅದಕ್ಕೆ ತಿಂಗಳಿಗೆ 500ರಂತೆ ಗೌರವಧನ ಇಟ್ಟರೆ 6,000. ‘ಸೆಕ್ರೆಟರಿಗಳು ಹೇಗೂ ಇರ್ತಾರಲ್ಲ, ಮಾಡ್ಕೋತಾರೆ ಬಿಡಿ’ ಎಂದು ಈ ಸಾಲನ್ನು ಹೊಡೆದುಹಾಕಿದರೆ, ಮೂರನೇ ತಿಂಗಳಿಗೆ ಟೈಪಿಂಗ್ ನಿಲ್ಲುತ್ತದೆ, ಪರದೆ ಗೋಡೆಯ ಮೇಲೆ ಉಳಿಯುತ್ತದೆ. ಪ್ರೋಗ್ರಾಂ ಬರೆದವರು ವರ್ಷಕ್ಕೆ ಎರಡು ಸಲ ಬಂದು ನೋಡಲು, ನಡುವೆ ಫೋನಿನಲ್ಲಿ ಸಹಾಯ ಮಾಡಲು 6,000. ಯುಪಿಎಸ್ ಬ್ಯಾಟರಿ, ಸೆನ್ಸರ್ ರಿಪೇರಿಗೆ 1,500. ಕೊನೆಯದಾಗಿ, 33,000 ರೂಪಾಯಿಯ ಯಂತ್ರಗಳು ಐದು ವರ್ಷದಲ್ಲಿ ಹಳತಾಗುತ್ತವೆ ಎಂದಿಟ್ಟುಕೊಂಡು ವರ್ಷಕ್ಕೆ 6,600 ತೆಗೆದಿಡಬೇಕು. ಸವಕಳಿಯನ್ನು ಪುಸ್ತಕದಲ್ಲಿ ತೋರಿಸುವುದು ಬೇರೆ, ಹೊಸದನ್ನು ಕೊಳ್ಳಲು ಬ್ಯಾಂಕಿನಲ್ಲಿ ದುಡ್ಡಿರುವುದು ಬೇರೆ.

ಎಲ್ಲ ಸೇರಿ ವರ್ಷಕ್ಕೆ 25,540 ರೂಪಾಯಿ. ದಿನಕ್ಕೆ 70, ಹಾಲಿನ ಲೆಕ್ಕದಲ್ಲಿ ಕೆಜಿಗೆ 8 ಪೈಸೆಗಿಂತ ತುಸು ಕಡಿಮೆ. ಮಂಡಳಿಯ ಮುಂದೆ ಮೊದಲು ಇಡಬೇಕಾದ ಅಂಕಿ ಇದು. 60,000 ಒಮ್ಮೆ ಹೋಗುತ್ತದೆ, 25,540 ಪ್ರತಿ ವರ್ಷ ಹೋಗುತ್ತದೆ. ಮೂರನೇ ವರ್ಷ ಮುಗಿಯುವ ಹೊತ್ತಿಗೆ ನಡೆಸುವ ಖರ್ಚು ಕೊಂಡ ಬೆಲೆಯನ್ನು ದಾಟಿರುತ್ತದೆ. ಈ ಮೊತ್ತವನ್ನು ಸಾದಿಲ್ವಾರಿನಲ್ಲಿ ಮುಚ್ಚಿಡದೆ, ಮುಂದಿನ ವರ್ಷದ ಅಂದಾಜು ಆಯವ್ಯಯದಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿ ಸಾಮಾನ್ಯ ಸಭೆಯ ಮುಂದಿಡುವುದು ಒಳ್ಳೆಯದು. ಸಂಘದ ಉಪವಿಧಿಯಲ್ಲಿ ಮಂಡಳಿಯ ಖರ್ಚಿಗೆ ಮಿತಿ ಇದ್ದರೆ ಅದನ್ನೂ ನೋಡಿಕೊಳ್ಳಬೇಕು. ವರ್ಷದ ಲೆಕ್ಕಪರಿಶೋಧನೆಯಲ್ಲಿ ಕೇಳುವ ಪ್ರಶ್ನೆಗೆ ಉತ್ತರ ನಡಾವಳಿ ಪುಸ್ತಕದಲ್ಲೇ ಸಿಗಬೇಕು.

ಇಷ್ಟು ಖರ್ಚಿಗೆ ಪ್ರತಿಫಲವೇನು? ಉತ್ಸಾಹದಲ್ಲಿರುವವರು ಇಲ್ಲಿ ದೊಡ್ಡ ಅಂಕಿ ಬರೆಯುತ್ತಾರೆ. ಜಿಡ್ಡು 0.1 ವಾಲಿದರೆ ಕೆಜಿಗೆ 30 ಪೈಸೆ ವ್ಯತ್ಯಾಸ ಎಂದು ಹಿಡಿಯೋಣ. 900 ಕೆಜಿಗೆ ದಿನಕ್ಕೆ 270 ರೂಪಾಯಿ. ‘ವರ್ಷಕ್ಕೆ 98,550 ರೂಪಾಯಿ ಉಳಿತಾಯ’ ಎಂದು ಬರೆದುಬಿಡುವುದು ಸುಲಭ, ಆದರೆ ಅದು ಸತ್ಯವಲ್ಲ. ಪರದೆ ಇಲ್ಲದಿದ್ದರೂ ಹದಿನೈದನೇ ದಿನ ಬಿಲ್ ಬಂದಾಗ ವಿಷಯ ಗೊತ್ತಾಗುತ್ತಿತ್ತು. ಪರದೆಯಿಂದ ಮೂರನೇ ದಿನವೇ ಗೊತ್ತಾಯಿತು. ಉಳಿದದ್ದು ಹನ್ನೆರಡು ದಿನದ್ದು ಮಾತ್ರ, ಅಂದರೆ ಒಂದು ಸಲಕ್ಕೆ 3,240 ರೂಪಾಯಿ. ಅದೂ ಮೂರನೇ ದಿನವೇ ಯಾರಾದರೂ ಎದ್ದು ಯಂತ್ರ ತೊಳೆದು ಸರಿಮಾಡಿದರೆ. ವರ್ಷದ ಖರ್ಚು ಹುಟ್ಟಬೇಕಾದರೆ ಇಂಥದು ವರ್ಷಕ್ಕೆ ಎಂಟು ಸಲ ಆಗಬೇಕು. ಹಿಂದಿನ ಎರಡು ವರ್ಷದ ಬಿಲ್ ತೆಗೆದು ನೋಡಿ, ಎಂಟು ಸಲ ಆಗಿದೆಯೇ ಎಂದು ಎಣಿಸಿ. ಬಹುತೇಕ ಸಂಘಗಳಲ್ಲಿ ಅಷ್ಟು ಆಗಿರಲಾರದು ಎಂದೇ ನನ್ನ ಎಣಿಕೆ.

ದೊಡ್ಡ ನಷ್ಟ ಬೇರೆ ಕಡೆ ಇದೆ. ಬಿಎಂಸಿ ತೊಟ್ಟಿ ಹಾಲನ್ನು 4 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಇಟ್ಟಿರಬೇಕು. ರಾತ್ರಿ ಕಂಪ್ರೆಸರ್ ನಿಂತರೆ, ಕರೆಂಟು ಹೋಗಿ ಜನರೇಟರ್ ಹತ್ತದಿದ್ದರೆ, ಬೆಳಿಗ್ಗೆ ಇಡೀ ತೊಟ್ಟಿ ಹುಳಿ. ಸಂಜೆಯ 390 ಕೆಜಿ ಹೋದರೂ ಕೆಜಿಗೆ 35 ರೂಪಾಯಿಯಂತೆ 13,650 ರೂಪಾಯಿ. ಅದರ ಮೇಲೆ ಬೆಳಗಿನ ಹಾಲನ್ನೂ ಸುರಿದಿದ್ದರೆ 31,500. ಇಂಥ ಒಂದು ರಾತ್ರಿಯನ್ನು ತಪ್ಪಿಸಿದರೆ ಆ ವರ್ಷದ ಖರ್ಚೆಲ್ಲ ಬಂದಂತೆ. ಆದರೆ ಗಮನಿಸಿ, ಈ ಕೆಲಸ ಮಾಡುವುದು 60,000ದ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಅಗ್ಗದ ವಸ್ತುಗಳಲ್ಲೊಂದಾದ 4,000 ರೂಪಾಯಿಯ ಸೆನ್ಸರ್. ತೊಟ್ಟಿ 7 ಡಿಗ್ರಿ ದಾಟಿದರೆ ಕಾರ್ಯದರ್ಶಿಯ ಮತ್ತು ಒಬ್ಬ ನಿರ್ದೇಶಕರ ಫೋನಿಗೆ ಕರೆ ಬಂದರೆ ಸಾಕು, ಅದಕ್ಕೆ ಗೋಡೆಯ ಟಿವಿ ಬೇಕಿಲ್ಲ. ಹಾಲು ತುಂಬುವ ಹೊತ್ತಿನಲ್ಲಿ ತೊಟ್ಟಿ ಸಹಜವಾಗಿಯೇ ಬೆಚ್ಚಗಾಗುತ್ತದೆ, ಆದ್ದರಿಂದ ಸಂಗ್ರಹ ಮುಗಿದ ಮೂರು ಗಂಟೆಯ ನಂತರದ ಉಷ್ಣತೆಗೆ ಮಾತ್ರ ಈ ಕರೆ ಬರುವಂತಿರಬೇಕು. ಇಲ್ಲದಿದ್ದರೆ ದಿನಕ್ಕೆರಡು ಸಲ ಸುಳ್ಳು ಕರೆ ಬಂದು, ನಿಜವಾದ ರಾತ್ರಿ ಯಾರೂ ಫೋನೆತ್ತುವುದಿಲ್ಲ.

ಆದ್ದರಿಂದ ಪ್ರಾಮಾಣಿಕವಾದ ಪ್ರಸ್ತಾವನೆ ಮಂಡಳಿಯ ಮುಂದೆ ಚಿಕ್ಕ ದಾರಿಯನ್ನೂ ಇಡಬೇಕು. ಮೊದಲ ಆರು ತಿಂಗಳು ಉಷ್ಣತೆಯ ಸೆನ್ಸರ್ ಮತ್ತು ಫೋನಿಗೆ ಕರೆ. ಜೊತೆಗೆ ಈಗಿರುವ ಕಂಪ್ಯೂಟರಿನಲ್ಲೇ ಒಂದು ಲೆಕ್ಕದ ಹಾಳೆ, ಅದರಲ್ಲಿ ದಿನಾ ಟ್ರಕ್ ಶೀಟಿನ ಅಂಕಿ. ಇದಕ್ಕೆ ಬೇಕಾದ್ದು ಸೆನ್ಸರಿನ ಬೆಲೆ, ಇಂಟರ್‌ನೆಟ್, ಟೈಪ್ ಮಾಡುವವರ ಗೌರವಧನ ಅಷ್ಟೇ. ಆರು ತಿಂಗಳು ಒಂದು ದಿನವೂ ಬಿಡದೆ ಹಾಳೆ ತುಂಬಿದರೆ ಸಂಘಕ್ಕೆ ಅಭ್ಯಾಸವಾಗಿದೆ ಎಂದರ್ಥ, ಆಗ ದೊಡ್ಡ ಪರದೆಗೆ ಹಣ ಕೇಳಬಹುದು. ತುಂಬದಿದ್ದರೆ 60,000 ಉಳಿಯಿತು. ಇಡೀ ಯೋಜನೆ ಬಿದ್ದುಹೋಗುವುದು ಟೈಪಿಂಗ್ ನಿಂತಾಗ. ಅದನ್ನೇ ಮೊದಲು ಅಗ್ಗದಲ್ಲಿ ಪರೀಕ್ಷಿಸಬೇಕು.

ಅಪಾಯಗಳ ಪಟ್ಟಿ ಉದ್ದವಿರಬೇಕಿಲ್ಲ, ನಿಜವಿರಬೇಕು. ನನ್ನ ದೃಷ್ಟಿಯಲ್ಲಿ ಅತಿ ಕೆಟ್ಟದ್ದು ಹಳಸಿದ ಅಂಕಿ. ಇಂಟರ್‌ನೆಟ್ ನಿಂತಿದೆ ಅಥವಾ ಸಂಗ್ರಹಣಾ ಘಟಕದ ತಂತ್ರಾಂಶ ಬದಲಾಗಿ ಕಡತದ ಕಾಲಮ್ಮುಗಳು ಅದಲುಬದಲಾಗಿವೆ, ಆದರೆ ಪರದೆ ಮೂರು ದಿನದ ಹಿಂದಿನ ಹಸಿರು ಬಣ್ಣವನ್ನೇ ತೋರಿಸುತ್ತಿದೆ. ಪುಸ್ತಕದಲ್ಲಿ ಬರೆಯದಿದ್ದರೆ ಪುಟ ಖಾಲಿ ಕಾಣುತ್ತದೆ, ಪರದೆ ಹಾಗಲ್ಲ. ಪ್ರತಿ ಅಂಕಿಯ ಕೆಳಗೆ ‘ಕೊನೆಯ ಮಾಹಿತಿ: ಇಂದು ಬೆಳಿಗ್ಗೆ 8.40’ ಎಂದಿರಬೇಕು, ಒಂದು ಹೊತ್ತಿನ ಮಾಹಿತಿ ತಪ್ಪಿದರೂ ಪರದೆ ಪೂರ್ತಿ ಬೂದು ಬಣ್ಣಕ್ಕೆ ತಿರುಗಬೇಕು. ಇದನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು. ಪರೀಕ್ಷಿಸುವುದೂ ಸುಲಭ. ಹಣ ಕೊಡುವ ಮುನ್ನ ಇಂಟರ್‌ನೆಟ್ ತಂತಿ ಕಿತ್ತು ಒಂದು ದಿನ ಬಿಟ್ಟು ನೋಡಿದರಾಯಿತು.

ಎರಡನೆಯದು ಒಬ್ಬರ ಮೇಲಿನ ಅವಲಂಬನೆ. ಪ್ರೋಗ್ರಾಂ ಬರೆದ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದರೆ, ಪಾಸ್‌ವರ್ಡ್ ಅವನ ಬಳಿಯೇ ಇದ್ದರೆ, ಸಂಘದ್ದೆನ್ನಲು ಉಳಿಯುವುದು ಟಿವಿ ಮಾತ್ರ. ಪ್ರೋಗ್ರಾಮಿನ ಪೂರ್ಣ ಪ್ರತಿ, ಪಾಸ್‌ವರ್ಡುಗಳು, ಎರಡು ಪುಟದ ಕನ್ನಡ ವಿವರಣೆ ಮೊಹರು ಮಾಡಿದ ಲಕೋಟೆಯಲ್ಲಿ ಸಂಘದ ಬೀರುವಿಗೆ ಸೇರಬೇಕು, ದಾಸ್ತಾನು ಪುಸ್ತಕದಲ್ಲಿ ನಮೂದಾಗಬೇಕು. ಕೊನೆಯ ಕಂತು 10,000 ರೂಪಾಯಿಯನ್ನು ಆ ಲಕೋಟೆ ಬಂದ ಮೇಲೆಯೇ ಕೊಡುವುದು ಜಾಣತನ. ಸಂಗ್ರಹಣಾ ಘಟಕದ ತಂತ್ರಾಂಶ ಬೇರೆ ಕಂಪನಿಯದಾಗಿರುವುದರಿಂದ, ಅದರ ಮಾಹಿತಿಯನ್ನು ಪ್ರತಿ ಮಾಡಿಕೊಳ್ಳಲು ಆ ಕಂಪನಿಯ ಮತ್ತು ಒಕ್ಕೂಟದ ಒಪ್ಪಿಗೆ ಪತ್ರವೂ ಮೊದಲೇ ಕೈಯಲ್ಲಿರಲಿ. ಪರದೆ ಆ ಮಾಹಿತಿಯನ್ನು ಓದಬೇಕು, ಅದರಲ್ಲಿ ಏನನ್ನೂ ಬರೆಯುವಂತಿರಬಾರದು.

ಮೂರನೆಯದು ಜನರ ವಿಷಯ. ಗೋಡೆಯ ಮೇಲೆ ಯಾರ ಹೆಸರೂ ಬರಬಾರದು. ಇಂಥವರ ಹಾಲಿನಲ್ಲಿ ಎಸ್‌ಎನ್‌ಎಫ್ ಕಡಿಮೆ ಎಂದು ಊರಿಗೆಲ್ಲ ಕಾಣುವಂತೆ ತೋರಿಸಿದರೆ, ಹಸುವಿಗೆ ಕಾಯಿಲೆಯೋ ಮೇವಿನ ಕೊರತೆಯೋ ಎಂದು ಕೇಳುವ ಮೊದಲೇ ನೀರು ಬೆರೆಸಿದರು ಎಂಬ ಮಾತು ಹುಟ್ಟುತ್ತದೆ. ಆಧಾರ್, ಬ್ಯಾಂಕ್ ಖಾತೆ ಸಂಖ್ಯೆಗಳಂತೂ ಈ ಕಂಪ್ಯೂಟರಿಗೆ ಬರಲೇಬಾರದು. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆ ಆಗಿದೆ. ಅದು ಇಲ್ಲದಿದ್ದರೂ ಇದು ಸಂಘ ತನ್ನ ಸದಸ್ಯರಿಗೆ ತೋರಬೇಕಾದ ಮರ್ಯಾದೆ. ವ್ಯತ್ಯಾಸದ ಲೆಕ್ಕಕ್ಕೆ ಕೆಜಿ, ಜಿಡ್ಡು, ಎಸ್‌ಎನ್‌ಎಫ್, ಹೊತ್ತು, ಇಷ್ಟೇ ಸಾಕು.

ಸಭೆಯಲ್ಲಿ ಹಿರಿಯ ನಿರ್ದೇಶಕರೊಬ್ಬರು ಕೇಳಬಹುದು: ‘ಇದು ಬಂದ್ರೆ ನಮ್ಮ ಹಾಲಿನ ಡಿಗ್ರಿ ಜಾಸ್ತಿ ಬರುತ್ತೇನಪ್ಪ?’ ಇಲ್ಲ ಎಂದೇ ಹೇಳಬೇಕು. ಡಿಗ್ರಿ ಹಸುವಿನ ತಳಿ, ಮೇವು, ಆರೋಗ್ಯದಿಂದ ಬರುತ್ತದೆ. ಪರದೆಯಿಂದ ಬರುವುದು ಎರಡು ಅಳತೆಗಳ ನಡುವೆ ಏನಾಯಿತು ಎಂಬ ತಿಳಿವಳಿಕೆ, ಅದೂ ಬೇಗ. ‘ಲೆಕ್ಕ ಸರಿಯಿದೆಯೋ ಇಲ್ಲವೋ’ ಎಂದು ಸಾಮಾನ್ಯ ಸಭೆಯಲ್ಲಿ ವರ್ಷವರ್ಷವೂ ಏಳುವ ಪ್ರಶ್ನೆಗೆ ದಿನದ ಲೆಕ್ಕ ತೋರಿಸಿ ಉತ್ತರಿಸಲು ಆಗುತ್ತದೆ. ಇದಕ್ಕೆ ರೂಪಾಯಿಯ ಬೆಲೆ ಕಟ್ಟಿ ಲಾಭದ ಕಾಲಮ್ಮಿಗೆ ಸೇರಿಸಬಾರದು. ಅದನ್ನು ಮಾತಿನಲ್ಲೇ ಬರೆದು, ಬೆಲೆ ಕಟ್ಟುವುದನ್ನು ಮಂಡಳಿಗೆ ಬಿಡಬೇಕು.

ಇಷ್ಟೆಲ್ಲ ಆದ ಮೇಲೆ ನಿರ್ಣಯದ ಒಕ್ಕಣೆ ಹೀಗಿರಬಹುದು: ‘ಮೊದಲ ಹಂತವಾಗಿ ಬಿಎಂಸಿ ಉಷ್ಣತೆಯ ಸೆನ್ಸರ್ ಖರೀದಿಸಲು ಹಾಗೂ ದೈನಂದಿನ ವ್ಯತ್ಯಾಸದ ಹಾಳೆ ನಿರ್ವಹಿಸಲು ಆರು ತಿಂಗಳ ಅವಧಿಗೆ 9,000 ರೂಪಾಯಿ ಮೀರದಂತೆ ಮಂಜೂರು ಮಾಡಲಾಗಿದೆ. ಹಾಳೆಯನ್ನು ಪ್ರತಿ ಮಾಸಿಕ ಸಭೆಯಲ್ಲಿ ಹಾಲು ಪರೀಕ್ಷಕರು ಮಂಡಿಸತಕ್ಕದ್ದು. ವ್ಯತ್ಯಾಸ ಮೂರು ದಿನ ಸತತವಾಗಿ ಮಿತಿ ಮೀರಿದಲ್ಲಿ ಗರ್ಬರ್ ಪರೀಕ್ಷೆ ನಡೆಸಿ ಫಲಿತಾಂಶವನ್ನು ಅಂದೇ ಪುಸ್ತಕದಲ್ಲಿ ನಮೂದಿಸತಕ್ಕದ್ದು. ಆರು ತಿಂಗಳಲ್ಲಿ ಹಾಳೆ ಹತ್ತು ದಿನಕ್ಕಿಂತ ಹೆಚ್ಚು ಖಾಲಿ ಉಳಿದಲ್ಲಿ ಎರಡನೇ ಹಂತದ ಪ್ರಸ್ತಾವನೆಯನ್ನು ಪರಿಗಣಿಸತಕ್ಕದ್ದಲ್ಲ.’ ಸೆನ್ಸರಿಗೆ 4,000, ಆರು ತಿಂಗಳ ಇಂಟರ್‌ನೆಟ್ಟಿಗೆ 1,800, ಗೌರವಧನಕ್ಕೆ 3,000, ಒಟ್ಟು 8,800. ಉಳಿದ 200 ರೂಪಾಯಿ ಹಾಳೆ ಮುದ್ರಿಸಲು.